ನಿಮಿಷಕ್ಕೆ ಒಂದೇ ಸುತ್ತು ಯಾಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

1975ರಲ್ಲಿ ಅಮೆರಿಕದ ನಾಸಾ ಏಮ್ಸ್ ಕೇಂದ್ರ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ಒಂದು ಅಧ್ಯಯನ ನಡೆಸಿದವು. ಬಾಹ್ಯಾಕಾಶದಲ್ಲಿ ಹತ್ತು ಸಾವಿರ ಜನರ ಊರು ಕಟ್ಟುವುದಾದರೆ ಅದು ಹೇಗಿರಬೇಕು ಅನ್ನುವುದು ಪ್ರಶ್ನೆ. ಕೊನೆಗೆ ಅವರು ಆರಿಸಿಕೊಂಡದ್ದು ಉಂಗುರದಂತೆ ಬಾಗಿದ ಒಂದು ದೊಡ್ಡ ಕೊಳವೆಯನ್ನು. ಅಡ್ಡಳತೆ ಸುಮಾರು 1.8 ಕಿಲೋಮೀಟರ್. ಅದು ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಒಂದು ಸುತ್ತು ಎಲ್ಲಿಂದ ಬಂತು ಅನ್ನೋದನ್ನೇ ಇವತ್ತು ನೋಡೋಣ.

ಮೊದಲು ತೂಕದ ವಿಷಯ. ಘಾಟಿಯ ತಿರುವಿನಲ್ಲಿ ಬಸ್ಸು ತಿರುಗಿದಾಗ ನಾವು ಹೊರಗಿನ ಬದಿಗೆ ಒತ್ತಿಕೊಳ್ಳುತ್ತೇವೆ, ಅಲ್ವಾ? ಮೈ ನೇರವಾಗಿ ಹೋಗಲು ನೋಡುತ್ತದೆ, ಬಸ್ಸಿನ ಗೋಡೆ ನಮ್ಮನ್ನು ಒಳಕ್ಕೆ ತಳ್ಳುತ್ತದೆ. ತಿರುಗುವ ಉಂಗುರದಲ್ಲಿ ಆ ಗೋಡೆಯೇ ನೆಲ. ಕಾಲು ಹೊರಗಡೆಗೆ, ತಲೆ ನಡುವಿನ ಕಡೆಗೆ. ನೆಲ ಬಿಡದೆ ತಳ್ಳುವುದೇ ನಮಗೆ ತೂಕವಾಗಿ ತಿಳಿಯುತ್ತದೆ.

ಈ ತೂಕ ಎರಡೇ ಸಂಗತಿಗಳ ಮೇಲೆ ನಿಂತಿದೆ. ನಡುವಿನಿಂದ ಇರುವ ದೂರ ಎರಡು ಪಟ್ಟಾದರೆ ತೂಕವೂ ಎರಡು ಪಟ್ಟು. ಆದರೆ ತಿರುಗುವ ವೇಗ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟು. ನಿಮಿಷಕ್ಕೆ ಒಂದು ಸುತ್ತಿಗೆ ಭೂಮಿಯಷ್ಟೇ ತೂಕ ಬೇಕೆಂದರೆ ನಡುವಿನಿಂದ ಸುಮಾರು 895 ಮೀಟರ್ ಹೊರಗಿರಬೇಕು. ಭೂಮಿಯಲ್ಲಿ 60 ಕಿಲೋ ತೂಗುವವರು ಅಲ್ಲಿ 60 ಕಿಲೋನೇ ತೂಗುತ್ತಾರೆ. ಅರ್ಧ ದಾರಿ ಒಳಗೆ ಬಂದರೆ 30 ಕಿಲೋ. ನಟ್ಟನಡುವೆ ತೂಕವೇ ಇಲ್ಲ.

ಹಾಗಾದರೆ ಜೋರಾಗಿ ತಿರುಗಿಸಿ ಉಂಗುರವನ್ನು ಚಿಕ್ಕದು ಮಾಡಬಹುದಲ್ಲ? ಲೆಕ್ಕಕ್ಕೆ ಬೇಕಾದರೆ ಸರಿ. ನಿಮಿಷಕ್ಕೆ ನಾಲ್ಕು ಸುತ್ತಾದರೆ 56 ಮೀಟರ್ ಸಾಕು. ಎಷ್ಟೊಂದು ಲೋಹ ಉಳಿಯುತ್ತದೆ! ಇದಕ್ಕೆ ಅಡ್ಡ ಬರುವುದು ಮನುಷ್ಯನ ಒಳಕಿವಿ.

ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ತಲೆ ತಿರುಗಿದ್ದನ್ನು ಮಿದುಳಿಗೆ ತಿಳಿಸುವುದು ಅವೇ. ತಿರುಗುವ ಕೋಣೆಯಲ್ಲಿ ಕೂತು ತಲೆಯನ್ನು ಬೇರೆ ದಿಕ್ಕಿಗೆ ಬಾಗಿಸಿದರೆ, ಆ ದ್ರವ ಇಲ್ಲದ ಒಂದು ತಿರುಗುವಿಕೆಯನ್ನು ಹೇಳಿಬಿಡುತ್ತದೆ. ಕಣ್ಣಿಗೆ ಕೋಣೆ ನಿಂತೇ ಇದೆ, ಕಿವಿಗೆ ಮೈ ಉರುಳುತ್ತಿದೆ. ಸ್ವಲ್ಪ ಹೊತ್ತಿಗೆ ಬೆವರು, ಹೊಟ್ಟೆ ತೊಳಸು, ವಾಂತಿ. 1960ರ ದಶಕದಲ್ಲಿ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಆಶ್ಟನ್ ಗ್ರೇಬೀಲ್ ಎಂಬ ವೈದ್ಯರ ತಂಡ ನಿಧಾನವಾಗಿ ತಿರುಗುವ ಕೋಣೆಯಲ್ಲಿ ಜನರನ್ನು ದಿನಗಟ್ಟಲೆ ಇರಿಸಿ ಇದನ್ನು ಪರೀಕ್ಷಿಸಿತು. ನಿಮಿಷಕ್ಕೆ ಒಂದು ಸುತ್ತಿನಲ್ಲಿ ಯಾರಿಗೂ ಹೆಚ್ಚು ತೊಂದರೆ ಇರಲಿಲ್ಲ. ಮೂರಕ್ಕೆ ಹೋದಾಗ ಕೆಲವರಿಗೆ ಹೊಟ್ಟೆ ಕೆಟ್ಟಿತು. ಹತ್ತರಲ್ಲಿ ಗಟ್ಟಿ ಜನರೂ ಸೋತರು. ಮೆಲ್ಲಗೆ ವೇಗ ಏರಿಸಿದರೆ ಜಾಸ್ತಿ ಸುತ್ತಿಗೂ ಒಗ್ಗಿಕೊಳ್ಳಬಹುದು ನಿಜ. ಆಯ್ದು ತಂದ ಗಗನಯಾತ್ರಿಗಳಿಗೆ ಆ ಅಭ್ಯಾಸ ಮಾಡಿಸಬಹುದು. ಆದರೆ ಮಕ್ಕಳು, ಮುದುಕರು, ಬಸುರಿಯರು ಇರುವ ಊರಿಗೆ ಅದನ್ನು ಹೇರುವುದು ನನಗಂತೂ ಸರಿ ಕಾಣುವುದಿಲ್ಲ. 1975ರ ತಂಡವೂ ಸಾಮಾನ್ಯ ಜನರನ್ನೇ ಮನಸ್ಸಿನಲ್ಲಿಟ್ಟುಕೊಂಡು ಒಂದು ಸುತ್ತಿಗೆ ನಿಂತಿತು. ಸುತ್ತು ಗೊತ್ತಾದ ಮೇಲೆ ಉಂಗುರದ ಅಳತೆ ತಾನಾಗಿಯೇ ಬಂತು.

ಕಿವಿ ಒಪ್ಪಿದರೂ ಚಿಕ್ಕ ಉಂಗುರದಲ್ಲಿ ಕೈಕಾಲು ಒಪ್ಪಬೇಕಲ್ಲ. 56 ಮೀಟರಿನ ಉಂಗುರದಲ್ಲಿ ನೆಲ ಸೆಕೆಂಡಿಗೆ ಸುಮಾರು 23 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದು ತಿರುಗುವ ಕಡೆಗೇ ನೀವು ಸುಮ್ನೆ ನಡೆದರೆ ನಿಮ್ಮ ವೇಗ ಅದಕ್ಕೆ ಕೂಡುತ್ತದೆ, ಮೈ ನೂರಕ್ಕೆ ಹನ್ನೆರಡರಷ್ಟು ಭಾರವಾಗುತ್ತದೆ. ವಾಪಸ್ ಬರುವಾಗ ಹೆಚ್ಚುಕಡಿಮೆ ಅಷ್ಟೇ ಹಗುರ. ಎದೆಯ ಎತ್ತರದಿಂದ, ಅಂದರೆ ಒಂದೂವರೆ ಮೀಟರಿನಿಂದ, ಒಂದು ಚೆಂಡನ್ನು ಕೈಬಿಟ್ಟು ನೋಡಿ. ಅದು ಕಾಲ ಬುಡಕ್ಕೆ ಬೀಳುವುದಿಲ್ಲ. ಚೆಂಡಿದ್ದ ಜಾಗ ನಡುವಿಗೆ ಹತ್ತಿರ, ಅದರ ವೇಗ ನೆಲಕ್ಕಿಂತ ಕಡಿಮೆ. ಅದಕ್ಕೇ ಹಿಂದೆ ಬಿದ್ದು, ಸುಮಾರು 24 ಸೆಂಟಿಮೀಟರ್ ಆಚೆ ನೆಲ ಮುಟ್ಟುತ್ತದೆ. ಲೋಟಕ್ಕೆ ನೀರು ಬಗ್ಗಿಸುವುದನ್ನೂ ಹೊಸದಾಗಿ ಕಲಿಯಬೇಕು. 895 ಮೀಟರಿನ ಉಂಗುರದಲ್ಲಿ ಅದೇ ಚೆಂಡು ಸರಿಯುವುದು ಆರು ಸೆಂಟಿಮೀಟರಿನಷ್ಟು ಮಾತ್ರ.

ಆದರೂ ದೊಡ್ಡ ಉಂಗುರದಲ್ಲಿ ಒಂದು ಕಡೆ ಇದು ಎದ್ದು ಕಾಣುತ್ತದೆ, ನಡುವಿನಿಂದ ಇಳಿಯುವ ಲಿಫ್ಟಿನಲ್ಲಿ. ಸೆಕೆಂಡಿಗೆ ಐದು ಮೀಟರಿನಂತೆ ಇಳಿದರೆ ಭೂಮಿಯ ತೂಕದ ಹತ್ತರಲ್ಲೊಂದು ಭಾಗದಷ್ಟು ಬಲ ನಿಮ್ಮನ್ನು ಪಕ್ಕದ ಗೋಡೆಗೆ ಒತ್ತುತ್ತದೆ. ಅರ್ಧ ದಾರಿಯಲ್ಲಿ ಲಿಫ್ಟಿನ ನೆಲ ಹನ್ನೆರಡು ಡಿಗ್ರಿ ವಾಲಿದಂತೆ ಅನಿಸುತ್ತದೆ. ನಡುವಿಗೆ ಹತ್ತಿರ ಇದ್ದಾಗಲಂತೂ ಆ ಗೋಡೆಯೇ ನೆಲ ಆಗಿಬಿಡುತ್ತದೆ. ಹಾಗಾಗಿ ಹಿಡಿಕೆ ಯಾವ ಗೋಡೆಗೆ, ಮೆತ್ತೆ ಯಾವ ಗೋಡೆಗೆ ಅನ್ನೋದನ್ನು ಮೊದಲೇ ಯೋಚಿಸಬೇಕು.

ಇಷ್ಟು ದೊಡ್ಡ ಉಂಗುರ ಇನ್ನೂ ಕಟ್ಟಿಲ್ಲ. ಮಂಗಳ ಯಾನದಂಥ ಸಣ್ಣ ತಂಡಕ್ಕೆ ಅದು ಬೇಕಾಗಿಯೂ ಇಲ್ಲ. ಸಮ ತೂಕದ ಎರಡು ಕೋಣೆಗಳ ನಡುವೆ 170 ಮೀಟರ್ ಹಗ್ಗ ಕಟ್ಟಿ ನಿಮಿಷಕ್ಕೆ ಎರಡು ಸುತ್ತು ತಿರುಗಿಸಿದರೆ ಮಂಗಳದಲ್ಲಿರುವಷ್ಟು ತೂಕ ಬರುತ್ತದೆ. ಹಗ್ಗದ ಮೊದಲ ಪ್ರಯೋಗ 1966ರ ಸೆಪ್ಟೆಂಬರಿನಲ್ಲೇ ಆಯಿತು. ಜೆಮಿನಿ 11ರ ಪೀಟ್ ಕಾನ್ರಾಡ್ ಮತ್ತು ರಿಚರ್ಡ್ ಗೋರ್ಡನ್ ತಮ್ಮ ನೌಕೆಯನ್ನು ಅಜೀನಾ ಎಂಬ ಇನ್ನೊಂದು ನೌಕೆಗೆ 30 ಮೀಟರ್ ಪಟ್ಟಿಯಿಂದ ಬಿಗಿದು ಎರಡನ್ನೂ ತಿರುಗಿಸಿದರು. ಒಂದು ಸುತ್ತಿಗೆ ಹಲವು ನಿಮಿಷ ಹಿಡಿಯಿತು. ಬಂದ ತೂಕ ಭೂಮಿಯದರ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಮಾತ್ರ, ಮೈಗೆ ಗೊತ್ತೇ ಆಗದಷ್ಟು.

ನಮಸ್ಕಾರ.