ಸ್ವಿಚ್ ಹಾಕಿದ ಕೂಡಲೇ ಸರ್ವೋ ಯಾಕೆ ಬೆಚ್ಚಿಬೀಳುತ್ತದೆ?

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ರೋಬೋಟ್ ಕೈಯನ್ನು ನೋಡಿ. ಅಕ್ರಿಲಿಕ್ ತುಂಡುಗಳು, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರುಗಳಾದ ನಾಲ್ಕು ಎಸ್‌ಜಿ90 ಸರ್ವೋಗಳು, ಅವುಗಳನ್ನು ಆಡಿಸಲು ಒಂದು ಆರ್ಡುಯಿನೋ ಊನೋ ಬೋರ್ಡ್. ಇದನ್ನು ಮೊದಲ ಸಲ ಗೆಳೆಯರ ಮುಂದೆ ಆನ್ ಮಾಡಿದಾಗ ಪಕ್ಕದಲ್ಲಿದ್ದ ಟೀ ಲೋಟಕ್ಕೆ ಹೊಡೆಯಿತು. ಆಮೇಲೆ ಚಳಿಜ್ವರ ಬಂದ ಹಾಗೆ ನಡುಗುತ್ತಾ ನಿಂತಿತು. ಒಂದೆರಡು ಸೆಕೆಂಡು ಬಿಟ್ಟು ಮತ್ತೆ ಜಿಗಿಯಿತು. ಹೀಗೇ ನಡೀತಾ ಇತ್ತು.

ಎಲ್ಲರೂ ಹೇಳಿದ್ದು ಒಂದೇ ಮಾತು: "ಒಂದು ಕೆಪಾಸಿಟರ್ ಹಾಕು." ಹಾಕಿದೆ. ಸ್ವಲ್ಪ ಕಡಿಮೆ ಆಯಿತು, ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ. ಹೊರಗಿಂದ ನೋಡಿದರೆ ಒಂದೇ ನಡುಕ. ಒಳಗೆ ಮಾತ್ರ ಎರಡು ಕಾಯಿಲೆ ಇದ್ದವು. ಒಂದು ಕರೆಂಟಿನದು, ಇನ್ನೊಂದು ಸಿಗ್ನಲ್ಲಿನದು.

ಸರ್ವೋಗೆ ಮೂರು ತಂತಿ. ಎರಡು ಕರೆಂಟಿಗೆ, ಒಂದು ಸಿಗ್ನಲ್ಲಿಗೆ. ಸಿಗ್ನಲ್ ತಂತಿಯಲ್ಲಿ 20 ಮಿಲಿಸೆಕೆಂಡಿಗೊಂದು ಪಲ್ಸ್ ಬರುತ್ತದೆ. ಆ ಪಲ್ಸ್ ಎಷ್ಟು ಹೊತ್ತು ಮೇಲಿರುತ್ತದೆ ಅನ್ನುವುದೇ ಆಜ್ಞೆ. 1.5 ಮಿಲಿಸೆಕೆಂಡ್ ಇದ್ದರೆ ನಡುವೆ ನಿಲ್ಲು ಅಂತ. ಆರ್ಡುಯಿನೋದ ಸರ್ವೋ ಲೈಬ್ರರಿಯಲ್ಲಿ 544ರಿಂದ 2400 ಮೈಕ್ರೋಸೆಕೆಂಡಿನೊಳಗೆ 180 ಡಿಗ್ರಿ ಹಂಚಿಕೆಯಾಗಿದೆ. ಅಂದರೆ ಒಂದು ಡಿಗ್ರಿಗೆ ಸುಮಾರು 10 ಮೈಕ್ರೋಸೆಕೆಂಡ್. ಈ ಒಂದು ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಕರೆಂಟಿನ ಕಾಯಿಲೆ. ನಾನು ನಾಲ್ಕೂ ಸರ್ವೋಗಳನ್ನು ಊನೋದ 5V ಪಿನ್ನಿಗೇ ಸಿಕ್ಕಿಸಿದ್ದೆ. ಊನೋಗೆ ಲ್ಯಾಪ್‌ಟಾಪಿನ ಯುಎಸ್‌ಬಿ. ಸುಮ್ನೆ ಒಂದು ಡಿಗ್ರಿ ಅತ್ತಿತ್ತ ಹೋಗುವಾಗ ಎಸ್‌ಜಿ90 ಜಾಸ್ತಿ ಏನೂ ಕೇಳುವುದಿಲ್ಲ. ಆದರೆ ನಿಂತಲ್ಲಿಂದ ಏಳುವ ಆ ಕ್ಷಣ ಒಂದೊಂದೂ 0.7 ಆಂಪಿಯರ್ ಹತ್ತಿರ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ 2.8 ಆಂಪಿಯರ್. ಯುಎಸ್‌ಬಿ ಕೊಡುವುದು ಅರ್ಧ ಆಂಪಿಯರ್. ವೋಲ್ಟೇಜ್ ಕುಸಿಯಿತು, 2.7 ವೋಲ್ಟಿಗಿಂತ ಕೆಳಗೆ ಇಳಿದ ಕೂಡಲೇ ಊನೋದ ಚಿಪ್ ತನ್ನನ್ನು ತಾನೇ ರೀಸೆಟ್ ಮಾಡಿಕೊಂಡಿತು. ಮತ್ತೆ ಎದ್ದಿತು, ಮತ್ತೆ ಸರ್ವೋಗಳನ್ನು ಎಬ್ಬಿಸಿತು, ಮತ್ತೆ ಬಿತ್ತು. ಒಂದೆರಡು ಸೆಕೆಂಡಿಗೊಮ್ಮೆ ಜಿಗಿಯುತ್ತಿದ್ದದ್ದು ಇದೇ ಕಾರಣಕ್ಕೆ.

ಇದನ್ನು ಹಿಡಿಯುವುದು ಸುಲಭ. ಬೋರ್ಡಿನ ಮೇಲೆ L ಅಂತ ಬರೆದ ಪುಟ್ಟ ದೀಪ ಇದೆ ಅಲ್ವಾ, ಕೋಡಿನ ಶುರುವಿನಲ್ಲೇ ಅದನ್ನು ಮಿನುಗಿಸುವ ಸಾಲು ಬರೆಯಿರಿ, ಪ್ರತಿ ರೀಸೆಟ್ಟಿಗೂ ಅದು ಪಟಪಟ ಮಿನುಗುತ್ತದೆ. ಮಲ್ಟಿಮೀಟರ್ ನಂಬಬೇಡಿ. ಈ ಕುಸಿತ ಕೆಲವೇ ಮಿಲಿಸೆಕೆಂಡಿನದು, ಮೀಟರ್ ಅದನ್ನು ನೋಡುವಷ್ಟು ಚುರುಕಲ್ಲ. ನನಗೆ ಅದು ನೆಮ್ಮದಿಯಾಗಿ 4.9 ವೋಲ್ಟ್ ತೋರಿಸುತ್ತಾ ಕೂತಿತ್ತು!

ಈಗ ಕೆಪಾಸಿಟರ್ ವಿಚಾರ. ನಾನು ಹಾಕಿದ್ದು 1000 ಮೈಕ್ರೋಫ್ಯಾರಡ್. ವೋಲ್ಟೇಜ್ ಅರ್ಧ ವೋಲ್ಟ್ ಇಳಿಯುವುದಕ್ಕೆ ಅವಕಾಶ ಕೊಟ್ಟರೆ ಅದು 2.8 ಆಂಪಿಯರನ್ನು ಎಷ್ಟು ಹೊತ್ತು ಕೊಡಬಲ್ಲದು?

```
t = C × V / I = 0.001 × 0.5 / 2.8 ≈ 0.00018 s
```

ಸೆಕೆಂಡಿನ ಹತ್ತು ಸಾವಿರದಲ್ಲಿ ಎರಡು ಭಾಗವೂ ಇಲ್ಲ. ಸರ್ವೋ ಎದ್ದು ನಿಲ್ಲಲು ಅದರ ನೂರಾರು ಪಟ್ಟು ಹೊತ್ತು ಬೇಕು. ಕೆಪಾಸಿಟರ್ ಅಂದರೆ ಮನೆ ಬಾಗಿಲಲ್ಲಿಟ್ಟ ಒಂದು ಬಿಂದಿಗೆ. ನಲ್ಲಿ ತಿರುಗಿಸಿ ನೀರು ಬರುವವರೆಗೆ ಸಾಕು. ನಲ್ಲಿಯಲ್ಲೇ ನೀರಿಲ್ಲದಿದ್ದರೆ ಅದು ಏನು ಮಾಡೀತು?

ಹಾಗಾಗಿ ಮೊದಲು ಬೇಕಾದದ್ದು ಸರ್ವೋಗಳಿಗೇ ಬೇರೆ ಸಪ್ಲೈ. ನಾನು 5 ವೋಲ್ಟ್, 4 ಆಂಪಿಯರಿನ ಅಡಾಪ್ಟರ್ ತಂದೆ. ಆಮೇಲೆ ಕೆಪಾಸಿಟರ್. ಅದೂ ಅಡಾಪ್ಟರಿನ ಹತ್ತಿರ ಅಲ್ಲ, ಸರ್ವೋಗಳ ಬುಡದಲ್ಲಿ. ಉದ್ದ ತಂತಿ ದಿಢೀರ್ ಕರೆಂಟಿಗೆ ಅಡ್ಡಿಪಡಿಸುತ್ತದೆ, ಆ ತಡವನ್ನು ತುಂಬುವುದೇ ಇದರ ಕೆಲಸ. ಮೋಟಾರಿನ ಬ್ರಷ್‌ಗಳಿಂದ ಬರುವ ಚೂಪು ಗದ್ದಲಕ್ಕೆ ದೊಡ್ಡ ಕೆಪಾಸಿಟರ್ ನಿಧಾನ. ಅದಕ್ಕೆ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡಿನ ಸೆರಾಮಿಕ್ ಒಂದು. ದೊಡ್ಡದನ್ನು ಉಲ್ಟಾ ಹಾಕಬೇಡಿ, ಸಿಡಿಯುತ್ತದೆ.

ಗ್ರೌಂಡ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಇಲ್ಲೇ ಜಾಸ್ತಿ ಜನ ಎಡವುವುದು. ಸಪ್ಲೈ ಬೇರೆ ಮಾಡಿದರೂ ಎರಡರ ಗ್ರೌಂಡ್ ಸೇರಲೇಬೇಕು. ಸೇರಿಸದಿದ್ದರೆ ಪಲ್ಸ್ ಎಲ್ಲಿಂದ ಎಲ್ಲಿಯವರೆಗೆ ಏರಿತು ಅಂತ ಸರ್ವೋಗೆ ತಿಳಿಯುವುದೇ ಇಲ್ಲ, ಹುಚ್ಚು ಹುಚ್ಚಾಗಿ ಆಡುತ್ತದೆ. ಆದರೆ ಸೇರಿಸುವ ಜಾಗ ಮುಖ್ಯ. ನಾನು ಬ್ರೆಡ್‌ಬೋರ್ಡಿನ ತೆಳ್ಳಗಿನ ಜಂಪರ್ ಒಂದರಲ್ಲೇ ಸರ್ವೋಗಳ ಗ್ರೌಂಡನ್ನೂ ಊನೋದ ಗ್ರೌಂಡನ್ನೂ ಒಯ್ದಿದ್ದೆ. ತಂತಿ, ಸಡಿಲ ಸಂಪರ್ಕ ಎಲ್ಲ ಸೇರಿ 0.2 ಓಮ್ ಅಂದುಕೊಳ್ಳಿ. 2.8 ಆಂಪಿಯರ್ ಅದರಲ್ಲಿ ಹರಿದರೆ ಅರ್ಧ ವೋಲ್ಟಿಗೂ ಮಿಕ್ಕಿ ನೆಲವೇ ಅಲುಗುತ್ತದೆ. ಈಗ ಸರ್ವೋಗಳಿಗೆ ದಪ್ಪ ತಂತಿ ನೇರ ಅಡಾಪ್ಟರಿಗೆ ಹೋಗಿದೆ. ಊನೋಗೆ ಆ ಜಾಗದಿಂದಲೇ ಬೇರೆ ತಂತಿ.

ಇಷ್ಟಾದ ಮೇಲೆ ನಡುಕ ನಿಂತಿತು. ಆದರೆ ಶುರುವಿನ ಜಿಗಿತ ಉಳಿದಿತ್ತು. ಅದು ಸಿಗ್ನಲ್ಲಿನ ಕಾಯಿಲೆ.

ಊನೋ ಏಳುವಾಗ ನಮ್ಮ ಕೋಡ್ ಶುರುವಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಪಿನ್‌ಗಳು ಎಲ್ಲಿಗೂ ಸೇರದೆ ತೇಲುತ್ತಿರುತ್ತವೆ. ತೇಲುವ ತಂತಿ ಆಂಟೆನಾ ಇದ್ದ ಹಾಗೆ, ಅಕ್ಕಪಕ್ಕದ ಗದ್ದಲವನ್ನೆಲ್ಲ ಹಿಡಿದು ಸರ್ವೋಗೆ ಪಲ್ಸ್ ಅಂತ ಕೊಡುತ್ತದೆ. ಪ್ರತಿ ಸಿಗ್ನಲ್ ತಂತಿಯಿಂದ ಗ್ರೌಂಡಿಗೆ ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕಿ, ತಂತಿ ಸೊನ್ನೆಯಲ್ಲೇ ಮಲಗಿರುತ್ತದೆ.

ಎರಡನೆಯದು ಲೈಬ್ರರಿಯದೇ ಗುಣ. `attach()` ಕರೆದ ಕೂಡಲೇ ಅದು 1500 ಮೈಕ್ರೋಸೆಕೆಂಡಿನ ಪಲ್ಸ್ ಕಳಿಸಲು ಶುರು ಮಾಡುತ್ತದೆ. ಮಡಚಿ ಕೂತಿದ್ದ ಕೈ ಪೂರ್ತಿ ವೇಗದಲ್ಲಿ ನಡುವಿಗೆ ಹಾರುತ್ತದೆ. ನನ್ನ ಟೀ ಲೋಟ ಹೋದದ್ದು ಹಾಗೆ. ಊನೋದಲ್ಲಿ ಎರಡು ಸಾಲುಗಳ ಕ್ರಮ ಬದಲಿಸಿದರೆ ಸಾಕು:

```cpp
buda.writeMicroseconds(1100);
buda.attach(9);
delay(400);
```

ಇಲ್ಲಿ 1100 ಅನ್ನುವುದು ಕೈ ಆರಾಮಾಗಿ ಒರಗಿ ಕೂರುವ ಜಾಗ. ಆಫ್ ಮಾಡುವ ಮುಂಚೆ ಅದನ್ನು ಅಲ್ಲಿಗೇ ತಂದು ಬಿಡುತ್ತೇನೆ. `delay` ಇರುವುದು ನಾಲ್ಕೂ ಒಟ್ಟಿಗೆ ಏಳದೆ ಒಂದಾದ ಮೇಲೊಂದು ಏಳಲಿ ಅಂತ.

ಎಲ್ಲ ಸರಿಯಾಯಿತು ಅಂದುಕೊಂಡು ಕೈಗೆ 16 ಬಣ್ಣದ ದೀಪಗಳ ಒಂದು ನಿಯೋಪಿಕ್ಸೆಲ್ ಬಳೆ ತೊಡಿಸಿದೆ. ಬಣ್ಣ ಬದಲಾದಾಗಲೆಲ್ಲ ಕೈ ಬೆಚ್ಚತೊಡಗಿತು. ಮತ್ತೆ ಕರೆಂಟಿನ ಮೇಲೆ ಅನುಮಾನಪಟ್ಟು ಒಂದು ಸಂಜೆ ಕಳೆದೆ. ಆಮೇಲೆ ದೀಪಗಳ ಕರೆಂಟ್ ತಂತಿ ಕಿತ್ತು, ಕೋಡ್ ಹಾಗೇ ಬಿಟ್ಟು ನೋಡಿದೆ. ದೀಪ ಉರಿಯುತ್ತಿಲ್ಲ, ಕೈ ಮಾತ್ರ ಬೆಚ್ಚುತ್ತಲೇ ಇದೆ! ಕರೆಂಟಿನದಲ್ಲ ಅಂತ ಆಗ ಖಾತ್ರಿಯಾಯಿತು.

ಒಂದು ದೀಪಕ್ಕೆ ಬಣ್ಣ ಹೇಳಲು 30 ಮೈಕ್ರೋಸೆಕೆಂಡ್ ಬೇಕು, 16ಕ್ಕೆ 480. ಅಷ್ಟು ಹೊತ್ತು ದೀಪಗಳ ಲೈಬ್ರರಿ, ನಡೆಯುತ್ತಿರುವ ಕೆಲಸ ನಿಲ್ಲಿಸಿ ತುರ್ತು ಕೆಲಸ ಮಾಡಿಸುವ ಇಂಟರಪ್ಟ್‌ಗಳನ್ನು ಮುಚ್ಚಿಡುತ್ತದೆ. ಸರ್ವೋ ಪಲ್ಸನ್ನು ಇಳಿಸಬೇಕಾದದ್ದೂ ಒಂದು ಇಂಟರಪ್ಟೇ. ಪಲ್ಸ್ 480 ಮೈಕ್ರೋಸೆಕೆಂಡ್ ತಡವಾಗಿ ಇಳಿದರೆ, ಡಿಗ್ರಿಗೆ 10ರ ಲೆಕ್ಕದಲ್ಲಿ 45 ಡಿಗ್ರಿಗೂ ಜಾಸ್ತಿ ತಪ್ಪು ಆಜ್ಞೆ. ಮುಂದಿನ ಪಲ್ಸ್ ಸರಿಯಾಗಿರುವುದರಿಂದ ಸರ್ವೋ ಅಷ್ಟು ದೂರ ಹೋಗುವುದಿಲ್ಲ, ಬೆಚ್ಚಿ ವಾಪಸ್ ಬರುತ್ತದೆ.

ಇದಕ್ಕೆ ಪಿಸಿಎ9685 ಅನ್ನುವ ಬೋರ್ಡ್ ಹಾಕಿದೆ. ಪಲ್ಸ್ ಅಳೆಯುವ ಕೆಲಸ ಅದರ ಹಾರ್ಡ್‌ವೇರಿನದು, ಊನೋ ಎಷ್ಟೇ ಬಿಡುವಿಲ್ಲದೆ ಇದ್ದರೂ ಅಗಲ ಬದಲಾಗುವುದಿಲ್ಲ. ಅದರ ಒಂದು ಹೆಜ್ಜೆ ಸುಮಾರು 4.9 ಮೈಕ್ರೋಸೆಕೆಂಡ್, ಅರ್ಧ ಡಿಗ್ರಿ. ಎಸ್‌ಜಿ90ಗೆ ಅಷ್ಟು ಸಾಕು. ಆನ್ ಆದಾಗ ನಾವು ಹೇಳುವವರೆಗೆ ಸುಮ್ಮನಿರುತ್ತದೆ ಅನ್ನುವುದು ಇನ್ನೊಂದು ಲಾಭ.

ಈಗ ಸ್ವಿಚ್ ಹಾಕುತ್ತೇನೆ. ಮುಂದಿನ ಸಾಲಿನವರು ಬುಡದ ಸರ್ವೋ ನೋಡಿ. ಚೂರು ಅಲುಗಿತು, ಕಂಡಿತಾ? ಆಗ ಸಿಗ್ನಲ್ ತಂತಿಯಲ್ಲಿ ಏನೂ ಇರಲಿಲ್ಲ. ಕರೆಂಟ್ ಬಂದ ಮೊದಲ ಕ್ಷಣ ಸರ್ವೋದ ಒಳಗಿನ ಸರ್ಕ್ಯೂಟೇ ಹಾಗೆ ಮಿಸುಕುತ್ತದೆ. ಸಿಗ್ನಲ್ ತಂತಿಯನ್ನು ಗ್ರೌಂಡಿಗೆ ಕಟ್ಟಿಯೂ ನೋಡಿದ್ದೇನೆ, ಅಷ್ಟು ಉಳಿಯುತ್ತದೆ. ಅದನ್ನು ಕೋಡಿನಿಂದ ತೆಗೆಯಲಾಗುವುದಿಲ್ಲ. ಅದಕ್ಕೇ ಕೈಯ ಪಕ್ಕ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟಿದ್ದೇನೆ.