ಗುಂಡಿ ತುಂಬಿದ ಮೇಲೂ ಗಾಳಿ ಮರೀಬೇಡಿ

ಕೊಟ್ಟಿಗೇಲಿ ಕೆಲಸ ಮಾಡ್ತಾ ರೇಡಿಯೋ ಕೇಳ್ತಿರೋ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ಹಸಿ ಮೇವನ್ನ ಗುಂಡೀಲಿ ಒತ್ತಿ ತುಂಬಿ ಮುಚ್ಚಿಡೋ ರಸಮೇವು, ನಾವೆಲ್ಲ ಸೈಲೇಜ್ ಅಂತೀವಲ್ಲ, ಅದರ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕರೆದಿದ್ದಾರೆ. ಮಲೆನಾಡಲ್ಲಿ ದನದ ಡಾಕ್ಟರಾಗಿ ತಿರುಗಿದವನು ನಾನು, ಎಷ್ಟೋ ಗುಂಡಿಗಳಿಗೆ ಕೈ ಹಾಕಿ ನೋಡಿದೀನಿ, ಕೆಟ್ಟ ಗುಂಡಿ ಯಾವುದೇ ಇರಲಿ ವಿಚಾರಿಸ್ತಾ ಹೋದ್ರೆ ಹೆಚ್ಚಿನ ಸಲ ಕೊನೆಗೆ ಸಿಕ್ಕೋದು ಒಂದೇ ಕಾರಣ, ಗಾಳಿ. ಅದಕ್ಕೇ ಇವತ್ತು ಅದೊಂದನ್ನೇ ಹೇಳ್ತೀನಿ.

ನಮ್ಮ ಕಡೆ ಹಲಸಿನ ಸೊಳೆನ ಉಪ್ಪಲ್ಲಿ ಹಾಕಿಡ್ತಾರೆ ನೋಡಿ. ಭರಣಿಗೆ ಒತ್ತಿ ತುಂಬಿ, ಮೇಲೊಂದು ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿಬಿಟ್ರೆ ಆಟಿ ಮಳೆಗಾಲ ಪೂರ್ತಿ ಪಲ್ಯಕ್ಕೆ ಆಯ್ತು. ಕಲ್ಲು ಸರಿದು ಸೊಳೆ ಮೇಲೆದ್ರೆ ಏನಾಗುತ್ತೆ, ಬಿಳಿ ಬೂಷ್ಟು ಬರುತ್ತೆ. ಸೈಲೇಜ್ ಗುಂಡೀನೂ ಹೀಗೇ, ಆದ್ರೆ ಅಲ್ಲಿ ಉಪ್ಪಿನ ಬದಲು ಕಾಯೋದು ಹುಳಿ. ಜೋಳದ ದಂಟಿನ ಮೇಲೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅಂತ ಮೊದಲೇ ಇರ್ತವೆ, ಹಾಲಿಗೆ ಹೆಪ್ಪು ಹಾಕಿದಾಗ ಕೆಲಸ ಮಾಡೋವೂ ಅದೇ ಬಳಗದವು. ಒತ್ತಿ ತುಂಬಿ ಮುಚ್ಚಿದ ಮೇಲೆ ಒಳಗೆ ಉಳಿದ ಸ್ವಲ್ಪ ಗಾಳಿ ಬೇಗ ಖರ್ಚಾಗುತ್ತೆ, ಆಮೇಲೆ ಇವು ಏಳ್ತವೆ, ದಂಟಿನ ಸಕ್ಕರೆ ತಿಂದು ಹುಳಿ ಬಿಡ್ತವೆ. ಹುಳಿ ಏರಿ ಪಿಎಚ್ 4ರ ಹತ್ತಿರ ಬಂತು ಅಂದ್ರೆ ಕೊಳೆಸೋ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬದುಕು ನಡೆಯಲ್ಲ, ಮೇವು ಹಾಗೇ ನಿಂತುಬಿಡುತ್ತೆ. ಮುಚ್ಚಿಟ್ಟಷ್ಟು ಕಾಲ ಕೆಡಲ್ಲ. ಗಾಳಿ ಹೋಗಬಾರದು, ಅಷ್ಟೇ.

ಇದು ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಮುಚ್ಚಿದ ಗುಂಡಿ ಬಿಚ್ಚಿದ ಮೇಲಿನ ಕಥೆ, ಅದನ್ನೇ ಹೇಳೋಕೆ ಬಂದಿದ್ದು ನಾನು.

ತೀರ್ಥಹಳ್ಳಿ ಕಡೆ ಒಬ್ಬರು, ಆರು ಹಾಲು ಕೊಡೋ ದನ, ಬಹಳ ಚೊಕ್ಕ ಕೆಲಸದವರು. ದಿಬ್ಬದ ಮೇಲೆ ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೆಗೆಸಿದ್ರು, ಒರತೆ ಬರಲ್ಲ ಅಂತ ಒಂದು ಮಳೆಗಾಲ ಕಾದು ನೋಡಿ ಆಮೇಲೇ ಗಟ್ಟಿ ಮಾಡ್ಕೊಂಡಿದ್ದು. ಅಗಲ ಎಂಟಡಿ, ಆಳ ಐದಡಿ, ಯಾಕೆ ಅಷ್ಟು ಅಗಲ ಅಂದ್ರೆ ಟ್ರ್ಯಾಕ್ಟರ್ ಇಳಿಸಿ ತುಳಿಸೋಕೆ. ಹಸ್ತ ಮಳೆ ಹೊಳವಾದಾಗ ಜೋಳ ಕಟಾವು ಮಾಡಿದ್ರು, ಕಾಳು ಹಾಲಿಂದ ಹಿಟ್ಟಿಗೆ ತಿರುಗೋ ಹೊತ್ತು. ಚಾಫ್ ಕಟರ್‌ಗೆ ಕೊಟ್ಟು ಒಂದಿಂಚಿನ ತುಂಡು ಮಾಡಿ ಅವತ್ತೇ ತುಂಬಿ ತುಳಿಸಿ, ಟಾರ್ಪಾಲು ಹಾಕಿ ಮೇಲೆ ಮಣ್ಣು, ಹಳೇ ಟೈರು. ನಾನೂ ಹೋಗಿದ್ದೆ. ಒಂದು ಹಿಡಿ ತಗೊಂಡು ಹಿಂಡಿ ನೋಡಿದೆ, ಕೈ ಒದ್ದೆ ಆಯ್ತು ಆದ್ರೆ ಬೆರಳ ಸಂದಿಂದ ನೀರು ತೊಟ್ಟಿಕ್ಕಲಿಲ್ಲ, ಕೈ ಬಿಟ್ರೆ ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ತು. ಅದೇ ಸರಿಯಾದ ಹದ.

ಫೆಬ್ರವರೀಲಿ ತೆಗೆದಾಗ ನೋಡಬೇಕಿತ್ತು ನೀವು, ಹಳದಿ ಬೆರೆತ ಹಸಿರು, ಹುಳಿ ಮಜ್ಜಿಗೆ ವಾಸನೆ, ದನಗಳು ಬುಟ್ಟೀನೇ ಎಳ್ಕೊಳ್ತಿದ್ವು. ಸರಿ ಅಂತ ನಾನು ಬಂದುಬಿಟ್ಟೆ. ಹನ್ನೆರಡು ದಿನಕ್ಕೆ ಆ ಮನೆ ಅಕ್ಕನ ಫೋನು, "ಡಾಕ್ಟ್ರೇ, ಮೇವು ಬಿಸಿ ಆಗಿದೆ, ದನ ಮೂಸಿ ಬಿಡ್ತಾವೆ, ಹಾಲೂ ಇಳಿದಿದೆ." ಹೋಗಿ, ದಿನಾ ಮೇವು ಕೆರೆದು ತೆಗೀತಿದ್ದ ಮುಂದಿನ ಗೋಡೆಯೊಳಗೆ ಮುಂಗೈವರೆಗೂ ಕೈ ತೂರಿಸಿದೆ, ಹಬೆ ಬರೋ ಹಾಗೆ ಬೆಚ್ಚಗಿತ್ತು, ಅಂಚಲ್ಲಿ ಬಿಳಿ ಬೂಷ್ಟು ಹಿಡಿದು ಉಂಡೆ ಕಟ್ಟಿತ್ತು. ಅವರಿಗಿಂತ ನನಗೇ ಹೆಚ್ಚು ಸಂಕಟ, ತುಂಬಿದ ದಿನ ಎಲ್ಲ ಸರಿ ಇದೆ ಅಂದವನು ನಾನೇ ಅಲ್ವಾ.

ಲೆಕ್ಕ ಮಾಡಿದಾಗ ಗೊತ್ತಾಯ್ತು. ಒಂದು ದನಕ್ಕೆ ದಿನಕ್ಕೆ 15 ಕೆಜಿ, ಆರಕ್ಕೆ 90 ಕೆಜಿ. ಚೆನ್ನಾಗಿ ತುಳಿದ ಸೈಲೇಜ್ ಒಂದು ಘನ ಅಡಿಗೆ ಸುಮಾರು 15 ಕೆಜಿ ತೂಗುತ್ತೆ, ಅಂದ್ರೆ ದಿನಕ್ಕೆ ಅವರು ತೆಗೀತಿದ್ದಿದ್ದು ಬರೀ 6 ಘನ ಅಡಿ. ಗುಂಡಿ ಬಾಯಿ ಎಂಟು ಐದ್ಲೆ ನಲವತ್ತು ಚದರ ಅಡಿ. ಅಷ್ಟು ದೊಡ್ಡ ಗೋಡೆಯಿಂದ 6 ಘನ ಅಡಿ ಕೆರೆದ್ರೆ ದಿನಕ್ಕೆ ಎರಡು ಇಂಚೂ ಒಳಗೆ ಹೋಗಲ್ಲ. ಗಾಳಿ ಅದಕ್ಕಿಂತ ಜೋರಾಗಿ ಒಳಗೆ ಹೋಗ್ತಿತ್ತು. ಗಾಳಿ ಸಿಕ್ಕಿದ ಕೂಡ್ಲೆ ಮಲಗಿದ್ದ ಯೀಸ್ಟ್ ಏಳುತ್ತೆ, ಅದು ಆ ಹುಳೀನೇ ತಿನ್ನುತ್ತೆ, ಮೇವು ಕಾಯುತ್ತೆ, ಹುಳಿ ಕಮ್ಮಿ ಆದ ಜಾಗಕ್ಕೆ ಬೂಷ್ಟು ಕೂರುತ್ತೆ. ಬ್ಯಾಕ್ಟೀರಿಯಾ ತಮ್ಮ ಕೆಲಸ ಸರಿಯಾಗೇ ಮಾಡಿದ್ವು, ಬಾಗಿಲು ದೊಡ್ಡದು ಮಾಡಿದ್ದು ನಾವು.

ಗುಂಡಿ ಅಳತೆ ನಿರ್ಧಾರ ಆಗಬೇಕಾದ್ದು ಜೋಳ ಎಷ್ಟು ಬೆಳೆದಿದೆ ಅಂತಲ್ಲ, ದನ ಎಷ್ಟಿವೆ ಅಂತ! ದಿನಾ ನಾಲ್ಕೈದು ಇಂಚಾದ್ರೂ ಪೂರ್ತಿ ಗೋಡೆ ಉದ್ದಕ್ಕೂ ಕೆರೆದು ತೆಗೀಬೇಕು, ಬೇಸಿಗೇಲಿ ಇನ್ನೂ ಹೆಚ್ಚಾದ್ರೆ ಒಳ್ಳೇದು. ಮರುವರ್ಷ ಅವರು ಅದೇ ಜಾಗದಲ್ಲಿ ಎರಡು ಸಣ್ಣ ಗುಂಡಿ ಮಾಡಿದ್ರು, ಒಂದೊಂದೂ ನಾಲ್ಕಡಿ ಅಗಲ, ನಾಲ್ಕಡಿ ಆಳ, ಇಪ್ಪತ್ತಡಿ ಉದ್ದ. ಬಾಯಿ ಹದಿನಾರು ಚದರ ಅಡಿ, 90 ಕೆಜಿ ತೆಗೆದ್ರೆ ನಾಲ್ಕೂವರೆ ಇಂಚು ಒಳಗೆ ಹೋಗುತ್ತೆ. ಒಂದು ಗುಂಡೀಲಿ ಸುಮಾರು 4,800 ಕೆಜಿ, ಐವತ್ತು ದಿನದ ಮೇಲೆ ಬಂತು, ಅದು ಮುಗಿಯೋವರೆಗೂ ಎರಡನೇದನ್ನ ಮುಟ್ಟಲಿಲ್ಲ. ಟ್ರ್ಯಾಕ್ಟರ್ ಇಳಿಯಲ್ಲ ನಿಜ, ಮನೆಮಂದಿ, ಕೂಲಿಯವರು ಸೇರಿ ಅರ್ಧರ್ಧ ಅಡಿ ಹಾಕಿ ಹಾಕಿ ತುಳಿದ್ರು, ಮೂಲೆ ಅಂಚು ಬಿಡದೆ. ಹಿಮ್ಮಡಿ ಊರಿದ್ರೆ ಕಾಲು ಇಳೀಬಾರದು, ಅಲ್ಲೀವರೆಗೂ ತುಳೀಬೇಕು. ಒಂದು ಗುಂಡಿ ಒಂದೇ ದಿನದಲ್ಲಿ ತುಂಬಿ ಮುಚ್ಚಬೇಕು, ನಾಳೆಗೆ ಅಂತ ಅರ್ಧ ಬಿಡಬಾರದು.

ಎರಡೇ ದನ ಇದ್ರೆ ಏನ್ ಮಾಡೋದು ಅಂತ ಕೇಳ್ತೀರಿ. ಗುಂಡಿ ಬೇಡ, ಸೈಲೇಜ್ ಬ್ಯಾಗಲ್ಲಿ ಇಲ್ಲಾ ಮುಚ್ಚಳ ಬಿಗಿ ಇರೋ ಡ್ರಮ್ಮಲ್ಲಿ ತುಂಬಿ. ಒಂದನ್ನ ತೆಗೆದ್ರೆ ಬೇಗ ಖಾಲಿ ಆಗುತ್ತೆ, ಉಳಿದವು ಮುಚ್ಚೇ ಇರ್ತವೆ. ಬ್ಯಾಗಿಗೆ ಇಲಿ ತೂತು ಮಾಡಿದೆಯಾ ಅಂತ ವಾರಕ್ಕೊಂದ್ಸಲ ನೋಡಿ, ಕಿರುಬೆರಳಿನಷ್ಟು ತೂತಾದ್ರೂ ಟೇಪ್ ಅಂಟಿಸಿ.

ಟೈಮ್ ಆಗ್ತಾ ಬಂತು, ಇನ್ನು ಬೇಗ ಬೇಗ ಹೇಳ್ತೀನಿ. ಮಳೇಲಿ ನೆನೆದ ಮೇವು ತುಂಬಬೇಡಿ, ನೀರು ಹೆಚ್ಚಾದ್ರೆ ಬೇರೆ ಜಾತಿ ಬ್ಯಾಕ್ಟೀರಿಯಾ ಸೇರ್ಕೊಂಡು ಕಮಟು ತುಪ್ಪದ ವಾಸನೆ ಬರುತ್ತೆ. ನೇಪಿಯರ್ ಹುಲ್ಲಲ್ಲಿ ಸಕ್ಕರೆ ಕಮ್ಮಿ, ನೀರು ಜಾಸ್ತಿ, ಕೊಯ್ದು ಅರ್ಧ ದಿನ ಬಾಡಿಸಿ, ಕ್ವಿಂಟಲ್‌ಗೆ ಒಂದೆರಡು ಕೆಜಿ ಬೆಲ್ಲ ಸ್ವಲ್ಪ ನೀರಲ್ಲಿ ಕರಗಿಸಿ ಚಿಮುಕಿಸಿ. ಮುಚ್ಚುವಾಗ ನೆಲಕ್ಕಿಂತ ಎತ್ತರಕ್ಕೆ ಗುಡ್ಡೆ ಮಾಡಿ, ಸುತ್ತ ಕಾಲುವೆ ತೆಗೀರಿ. ಒಂದೂವರೆ ತಿಂಗಳು ಮುಟ್ಟಬೇಡಿ. ಮೊದಲ ದಿನ ನಾಲ್ಕೈದು ಕೆಜಿ ಕೊಟ್ಟು ರೂಢಿ ಮಾಡ್ಸಿ, ಹಾಲು ಕರೆದ ಮೇಲೆ ಹಾಕಿ, ಇಲ್ಲಾಂದ್ರೆ ಹಾಲಿಗೆ ವಾಸನೆ ಹಿಡಿಯುತ್ತೆ. ಬೂಷ್ಟು ಬಂದಿದ್ದನ್ನ ತಿಪ್ಪೆಗೆ ಹಾಕಿ, ಗಬ್ಬದ ದನಕ್ಕಂತೂ ಮುಟ್ಟಿಸಲೇಬೇಡಿ. ದಿನದ ಮೇವು ತೆಗೆದ ತಕ್ಷಣ ಟಾರ್ಪಾಲು ಕೆಳಗಿನವರೆಗೂ ಎಳೆದು ಕಲ್ಲು ಹೇರಿ, ಗಾಳಿ ನುಸುಳಬಾರದು.

ಈ ಸಲ ಗುಂಡಿ ತೆಗೆಸೋರು ಹಾರೆ ಹಿಡಿಯೋ ಮುಂಚೆ ದನ ಎಣಿಸಿ, ಹದಿನೈದರಿಂದ ಗುಣಿಸಿ ಒಂದು ಚೀಟೀಲಿ ಬರ್ಕೊಳ್ಳಿ. ನಮಸ್ಕಾರ.