ಒಳಚರಂಡಿ ಪೈಪಿಗೆ ಎಷ್ಟು ವಾಟ ಬೇಕು?

ಕೇಳುಗರಿಗೆ ನಮಸ್ಕಾರ. ರಸ್ತೆಯ ಚೇಂಬರ್ ಉಕ್ಕಿದಾಗ ಎಲ್ಲರೂ ಹೇಳುವುದು ಒಂದೇ ಮಾತು: "ಪೈಪು ಸಣ್ಣದು, ದೊಡ್ಡದು ಹಾಕಿಸಿ." ದಯವಿಟ್ಟು ಹಾಗನ್ನಬೇಡಿ. ಮೊದಲು ವಾಟ ನೋಡಿ.

ಚರಂಡಿ ನೀರು ಮರಳನ್ನೂ ಮಲವನ್ನೂ ಹೊತ್ತುಕೊಂಡು ಹೋಗಬೇಕು. ಅದಕ್ಕೆ ದಿನಕ್ಕೊಮ್ಮೆಯಾದರೂ, ಬೆಳಗಿನ ಸ್ನಾನದ ಹೊತ್ತಿಗೆ, ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಬೇಕು. ಅಷ್ಟು ಬಂದರೆ ರಾತ್ರಿ ತಳದಲ್ಲಿ ಕೂತ ಮಡ್ಡಿ ಮತ್ತೆ ಎದ್ದು ಹೋಗುತ್ತದೆ.

ಬೆಂಗಳೂರಿನ ಒಂದು ಬಡಾವಣೆಯ ಕತೆ ಹೇಳುತ್ತೇನೆ. 60 ಮೀಟರ್ ಉದ್ದದ ಅಡ್ಡರಸ್ತೆ. ಮೇಲಿನ ಬೀದಿಯ ಸುಮಾರು 80 ಮನೆಗಳ ನೀರು ಅದರಲ್ಲೇ ಇಳಿಯಬೇಕು. ಬೆಳಗ್ಗೆ ಹೆಚ್ಚೆಂದರೆ ಸೆಕೆಂಡಿಗೆ ಒಂದೂವರೆ ಲೀಟರ್. 150 ಮಿಲಿಮೀಟರ್ ಪೈಪು, 80ಕ್ಕೆ 1 ವಾಟ, ಅಂದರೆ 80 ಮೀಟರಿಗೆ 1 ಮೀಟರ್, ಒಟ್ಟು 75 ಸೆಂಟಿಮೀಟರ್ ಇಳಿತ. ನೀರು ಪೈಪಿನ ಐದನೇ ಒಂದು ಭಾಗದಷ್ಟೇ ನಿಲ್ಲುತ್ತದೆ, ಆದರೂ ವೇಗ 0.6ರ ಹತ್ತಿರ. ಲೆಕ್ಕ ಸರಿಯಾಗಿತ್ತು.

ಅಗೆಯುವಾಗ ಮಧ್ಯದ ಚೇಂಬರ್ ಬಳಿ ಬಂಡೆ ಸಿಕ್ಕಿತು. ನಮ್ಮೂರಲ್ಲಿ ಇದು ಹೊಸದೇನಲ್ಲ. ಬಂಡೆ ಒಡೆಯುವ ಬದಲು ಪೈಪನ್ನೇ 22.5 ಸೆಂಟಿಮೀಟರ್ ಮೇಲೆತ್ತಿ ಜೋಡಿಸಿಬಿಟ್ಟರು. ಎರಡೂ ತುದಿ ಅಳೆದರೆ ಅದೇ 75 ಸೆಂಟಿಮೀಟರ್! ಆದರೆ ಮೇಲಿನ 30 ಮೀಟರಿಗೆ ಸಿಕ್ಕಿದ್ದು ಬರೀ 15. ಅಂದರೆ 200ಕ್ಕೆ 1. ಕೆಳಗಿನ ಅರ್ಧದಲ್ಲಿ ನೀರು ಓಡುತ್ತಿತ್ತು, ಮೇಲಿನ ಅರ್ಧದಲ್ಲಿ ವೇಗ 0.43ಕ್ಕೆ ಇಳಿದಿತ್ತು. ಮಡ್ಡಿ ಅಲ್ಲೇ ಕೂತಿತು, ಮೇಲಿನ ಚೇಂಬರ್ ಉಕ್ಕಿತು. ಜೆಟ್ಟಿಂಗ್ ಯಂತ್ರ ಬಂದು ಹೋದ ಸ್ವಲ್ಪ ದಿನಕ್ಕೇ ಮತ್ತೆ ಅದೇ ಪಾಡು.

ಆಗ ಬಂತು ನೋಡಿ ಸಲಹೆ: 225ರ ಪೈಪು ಹಾಕೋಣ ಅಂತ. ಅದೇ ವಾಟದಲ್ಲಿ, ಅಷ್ಟೇ ನೀರಿಗೆ ಲೆಕ್ಕ ಹಾಕಿ ತೋರಿಸಿದೆ. ವೇಗ 0.41! ಇನ್ನೂ ಕಡಿಮೆ ಆಯಿತು, ಅಲ್ವಾ? ಅಗಲದ ಪೈಪಿನಲ್ಲಿ ನೀರು ತೆಳ್ಳಗೆ ಹರಡಿಕೊಳ್ಳುತ್ತದೆ. ತೆಳು ನೀರಿಗೆ ಮಡ್ಡಿ ತಳ್ಳುವ ಬಲ ಇರುವುದಿಲ್ಲ. ಕೊನೆಗೆ ಬಂಡೆ ಒಡೆಸಿ, ಅದೇ 150ರ ಪೈಪನ್ನು 80ಕ್ಕೆ 1ರಂತೆ ಮತ್ತೆ ಕೂರಿಸಬೇಕಾಯಿತು.

ಹಾಗಂತ ವಾಟ ಎಷ್ಟು ಜಾಸ್ತಿಯಾದರೂ ಸರಿ ಅಂತಲ್ಲ. ಸೆಕೆಂಡಿಗೆ 3 ಮೀಟರ್ ದಾಟಿದರೆ ಮರಳು ಪೈಪನ್ನೇ ಸವೆಸುತ್ತದೆ. ಅಂಥ ಕಡಿದಾದ ಜಾಗದಲ್ಲಿ, ನೀರನ್ನು ಒಂದೇ ಕಡೆ ನೇರ ಕೆಳಕ್ಕಿಳಿಸುವ ಡ್ರಾಪ್ ಚೇಂಬರ್ ಕಟ್ಟುತ್ತಾರೆ.

ನಿಮ್ಮ ಬೀದಿಯಲ್ಲಿ ಪೈಪು ಹಾಕುತ್ತಿದ್ದರೆ, ಮಣ್ಣು ಮುಚ್ಚುವ ಮೊದಲೇ ಪ್ರತಿ ಚೇಂಬರಿನ ಮಟ್ಟ ಬೇರೆ ಬೇರೆ ಅಳೆಸಿ. ಎರಡು ತುದಿ ಸಾಲದು. ಒಂದು ಚೇಂಬರಿನಲ್ಲಿ ದೀಪ ಹಿಡಿದು, ಮುಂದಿನದರಲ್ಲಿ ಕನ್ನಡಿ ಇಟ್ಟು ನೋಡಿ. ದೀಪ ಪೂರ್ತಿ ದುಂಡಗೆ ಕಾಣದಿದ್ದರೆ ನಡುವೆ ಪೈಪು ಬಾಗಿದೆ, ಇಲ್ಲವೇ ಏನೋ ಅಡ್ಡ ಇದೆ. ಅದನ್ನು ಅವತ್ತೇ ತೆಗೆಸಿ, ಮತ್ತೆ ಕೂರಿಸಿ. ನಮಸ್ಕಾರ.